‘ನಾಲ್ಕು’ ಅಂದರೆ ನಾಲ್ಕನೇ ಸ್ಟೇಜ್ ಅಲ್ಲ: ಸ್ತನದ ಗಡ್ಡೆ, ಒಂದು ರಿಪೋರ್ಟ್, ಒಂದು ಪತ್ರ

ಹಿನ್ನೆಲೆ

ಕಾರ್ಕಳ ಕಡೆಯ 23 ವರ್ಷದ ಯುವತಿ. ಬಿ.ಕಾಂ. ಮುಗಿಸಿ ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ, ವಾರವಿಡೀ ಪಿ.ಜಿ.ಯಲ್ಲಿ ವಾಸ, ಶನಿವಾರ ಸಂಜೆ ಬಸ್ಸು ಹತ್ತಿ ಮನೆಗೆ. ಯಾರೆಂದು ಗುರುತು ಸಿಗದಂತೆ ಊರು, ಉದ್ಯೋಗ, ಮನೆಯವರ ವಿವರಗಳನ್ನು ಬದಲಿಸಲಾಗಿದೆ.

ಸ್ನಾನ ಮಾಡುವಾಗ ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳ ಕಡೆಗೆ, ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಅದಕ್ಕೆ ಕಾರಣ ಎರಡು. ತಾಯಿಯ ಅಕ್ಕನಿಗೆ 61ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಮನೆಯಲ್ಲಿ ಆಗ ತಾನೇ ಸಂಬಂಧ ನೋಡಲು ಶುರುಮಾಡಿದ್ದರು. ಕೊನೆಗೆ ತಾಯಿಗೆ ಹೇಳಿದಾಗ, ತಾಯಿ ಮರುದಿನವೇ ಕರೆದುಕೊಂಡು ಬಂದರು.

ಸರ್ಜನ್ ಪರೀಕ್ಷಿಸಿದಾಗ ಗಡ್ಡೆ ಬೆರಳಿನಡಿ ಅತ್ತಿತ್ತ ಜಾರುತ್ತಿತ್ತು, ಅಂಚು ಸ್ಪಷ್ಟವಾಗಿತ್ತು, ಚರ್ಮಕ್ಕಾಗಲಿ ಒಳಗಿನ ಸ್ನಾಯುವಿಗಾಗಲಿ ಅಂಟಿಕೊಂಡಿರಲಿಲ್ಲ. ತೊಟ್ಟು ಒಳಗೆ ಎಳೆದುಕೊಂಡಿಲ್ಲ, ಸ್ರಾವವಿಲ್ಲ, ಕಂಕುಳಲ್ಲಿ ಗಂಟಿಲ್ಲ. ಈ ವಯಸ್ಸು, ಈ ಲಕ್ಷಣ ಸೇರಿದರೆ ಮೊದಲು ನೆನಪಾಗುವುದು ಫೈಬ್ರೋಅಡಿನೋಮಾ ಎಂಬ, ಕ್ಯಾನ್ಸರ್ ಅಲ್ಲದ ಗಡ್ಡೆ. ಮ್ಯಾಮೊಗ್ರಾಮ್ ಬರೆಯಲಿಲ್ಲ, ಎಳೆ ವಯಸ್ಸಿನಲ್ಲಿ ಸ್ತನದ ಅಂಗಾಂಶ ಒತ್ತಾಗಿರುತ್ತದೆ, ಎಕ್ಸ್-ರೇಯಲ್ಲಿ ಅದೂ ಬಿಳಿ, ಗಡ್ಡೆಯೂ ಬಿಳಿ, ಒಂದರಲ್ಲೊಂದು ಮುಚ್ಚಿಹೋಗುತ್ತದೆ. ಆದ್ದರಿಂದ ಅಲ್ಟ್ರಾಸೌಂಡ್ ಮಾಡಿಸಿದರು.

ಸ್ಕ್ಯಾನ್‌ನಲ್ಲಿ 2.1 × 1.3 × 1.7 ಸೆಂ.ಮೀ. ಅಳತೆಯ, ಚರ್ಮಕ್ಕೆ ಸಮಾನಾಂತರವಾಗಿ ಮಲಗಿದ ಅಂಡಾಕಾರದ ಗಡ್ಡೆ ಕಂಡಿತು. ಹೆಚ್ಚು ಕಡಿಮೆ ಎಲ್ಲವೂ ಫೈಬ್ರೋಅಡಿನೋಮಾದ ಲಕ್ಷಣವೇ. ಆದರೆ ಒಂದು ಬದಿಯಲ್ಲಿ ಕೆಲವೇ ಮಿಲಿಮೀಟರ್ ಉದ್ದಕ್ಕೆ ಅಂಚು ನುಣುಪಾಗಿರಲಿಲ್ಲ, ಸಣ್ಣ ಸಣ್ಣ ಉಬ್ಬುಗಳಿದ್ದವು. ರೇಡಿಯಾಲಜಿಸ್ಟ್ ಅದನ್ನು ಕಡೆಗಣಿಸಲಿಲ್ಲ. ‘ಬೈರಾಡ್ಸ್ 4ಎ, ಬಯಾಪ್ಸಿ ಸೂಕ್ತ’ ಎಂದು ಬರೆದರು. ಬೈರಾಡ್ಸ್ ಎಂದರೆ ಸ್ತನದ ಸ್ಕ್ಯಾನಿನಲ್ಲಿ ಕಂಡದ್ದು ಎಷ್ಟು ಅನುಮಾನಾಸ್ಪದ ಎಂದು ಹೇಳುವ ದರ್ಜೆ. ಅಂಚು ಪೂರ್ತಿ ನುಣುಪಾಗಿದ್ದರೆ ದರ್ಜೆ 3 ಸಿಗುತ್ತಿತ್ತು, ಈ ವಯಸ್ಸಿಗೆ ಸೂಜಿ ಹಾಕದೆ 6 ತಿಂಗಳು ಕಾಯುವುದೂ ಸರಿಯಾಗುತ್ತಿತ್ತು. 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2 ಅಥವಾ ಅದಕ್ಕಿಂತ ಕಡಿಮೆ. 4ಎ ಎಂದರೆ 2ಕ್ಕಿಂತ ಹೆಚ್ಚು, 10ರ ಒಳಗೆ.

ಸಮಸ್ಯೆ

ಶುಕ್ರವಾರ ಸಂಜೆ ರಿಪೋರ್ಟ್ ಕೌಂಟರಿನಲ್ಲಿ ಕೈಗೆ ಬಂತು. ಡಾಕ್ಟರನ್ನು ಕಾಣುವುದು ಸೋಮವಾರ. ನಡುವಿನ ಎರಡು ದಿನಗಳಲ್ಲೇ ಎಲ್ಲ ನಡೆದುಹೋಯಿತು. ಬಸ್ಸಿನಲ್ಲಿ ಕೂತು ರಿಪೋರ್ಟಿನ ಕೊನೆಯ ಸಾಲು ಓದಿ, ಫೋಟೊ ತೆಗೆದು ಚಿಕ್ಕಮ್ಮನ ಮಗಳಿಗೆ ಕಳಿಸಿದರು. ಅಲ್ಲಿಂದ ಮರಳಿ ಬಂದ ಅರ್ಥ: ಕ್ಯಾನ್ಸರ್, ನಾಲ್ಕನೇ ಸ್ಟೇಜ್. ಭಾನುವಾರದೊಳಗೆ ಬೆಂಗಳೂರಿಗೆ ಹೋಗುವ ಮಾತು ಆಗಿತ್ತು, ಸಂಬಂಧದವರಿಗೆ ‘ಸ್ವಲ್ಪ ಸಮಯ ಬೇಡ’ ಎಂದು ಹೇಳಿಯೂ ಆಗಿತ್ತು.

ಸ್ಕ್ಯಾನ್ ರಿಪೋರ್ಟಿನ ಸಂಖ್ಯೆ ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಕೊಡುವ ಸೂಚನೆ, ಮುಂದೇನು ಮಾಡಬೇಕೆಂಬುದಕ್ಕೆ. ಕ್ಯಾನ್ಸರಿನ ಸ್ಟೇಜ್ ಬೇರೆಯೇ ಲೆಕ್ಕ. ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಅದು ಎಷ್ಟು ಹರಡಿದೆ ಎಂದು ಹೇಳುವುದು. ಎರಡರಲ್ಲೂ 4 ಇದೆ, ಆದರೆ ರಿಪೋರ್ಟಿನಲ್ಲಿ ಆ ವ್ಯತ್ಯಾಸ ಹೇಳುವ ಒಂದು ಸಾಲೂ ಇರುವುದಿಲ್ಲ.

ಸೋಮವಾರ ಕೋರ್ ಬಯಾಪ್ಸಿ ಆಯಿತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದಲ್ಲಿ 2 ಮಿ.ಮೀ. ಗೀರು ಹಾಕಿ, ಸ್ಕ್ಯಾನ್ ನೋಡುತ್ತಲೇ 14 ಗೇಜಿನ ಸೂಜಿಯಿಂದ ನಾಲ್ಕು ಎಳೆ ತೆಗೆದರು. ಸೂಜಿಯ ಸ್ಪ್ರಿಂಗ್ ‘ಟಕ್’ ಎನ್ನುವ ಸದ್ದನ್ನು ಮೊದಲೇ ಒಮ್ಮೆ ಗಾಳಿಯಲ್ಲಿ ಹೊಡೆದು ಕೇಳಿಸಿದ್ದರು. ಇದು ಸಣ್ಣ ವಿಷಯವಲ್ಲ. ಆ ಸದ್ದಿಗೆ ಬೆಚ್ಚಿ ಮೈ ಅಲುಗಿದರೆ ಎಳೆ ಗಡ್ಡೆಯ ಹೊರಗಿನ ಕೊಬ್ಬಿನಲ್ಲಿ ಸಿಗುತ್ತದೆ, ರಿಪೋರ್ಟು ಉಪಯೋಗಕ್ಕೆ ಬಾರದು. ತೆಗೆದ ಮೇಲೆ ಹತ್ತು ನಿಮಿಷ ಒತ್ತಿ ಹಿಡಿದರು. ಬರೀ ತೆಳು ಸೂಜಿಯ ಎಫ್‌ಎನ್‌ಎಸಿ ಸಾಕಾಗುತ್ತಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಅದರಲ್ಲಿ ಬಿಡಿ ಬಿಡಿ ಜೀವಕೋಶ ಮಾತ್ರ ಬರುತ್ತದೆ, ಗಡ್ಡೆಯ ನಾರಿನ ಭಾಗ ಹೇಗಿದೆ ಎಂಬುದು ತಿಳಿಯುವುದಿಲ್ಲ. ಫೈಬ್ರೋಅಡಿನೋಮಾ ಮತ್ತು ಅದನ್ನೇ ಹೋಲುವ ಫಿಲ್ಲೋಡ್ಸ್ ಗಡ್ಡೆಯ ನಡುವಿನ ವ್ಯತ್ಯಾಸ ಇರುವುದು ಆ ನಾರಿನ ಭಾಗದಲ್ಲೇ.

ಐದು ಕೆಲಸದ ದಿನಗಳ ನಂತರ ಪೆಥಾಲಜಿ ರಿಪೋರ್ಟ್ ಬಂತು: ಫೈಬ್ರೋಅಡಿನೋಮಾ, ನಾರಿನ ಭಾಗದಲ್ಲಿ ಜೀವಕೋಶ ಹೆಚ್ಚಿಲ್ಲ, ಕ್ಯಾನ್ಸರಿನ ಲಕ್ಷಣವಿಲ್ಲ. ಇಷ್ಟಕ್ಕೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಒ.ಪಿ.ಡಿ.ಯಲ್ಲಿ ಯುವತಿ, ತಾಯಿ, ಅಕ್ಕನ ಗಂಡ ಮೂವರೂ ಕೂತಿದ್ದರು. ಮಾತು ನಡೆದದ್ದು ಹತ್ತು ನಿಮಿಷಕ್ಕೂ ಕಡಿಮೆ. ಭಾವ ‘ಏನೂ ಇಲ್ಲ, ಮತ್ತೆ ಬರಬೇಕಾಗಿಯೂ ಇಲ್ಲ’ ಎಂದು ಕೇಳಿಸಿಕೊಂಡು ಹೋದರು. ತಾಯಿಗೆ ಉಳಿದದ್ದು ‘ಗಡ್ಡೆ ಇದೆ, ಆದರೆ ತೆಗೆಯುವುದಿಲ್ಲ’. ಅದು ಅವರಿಗೆ ಕೈಬಿಟ್ಟ ಹಾಗೆ ಕೇಳಿಸಿತು. ಯುವತಿಗೆ ಉಳಿದದ್ದು ‘6 ತಿಂಗಳ ನಂತರ ನೋಡೋಣ’ ಎಂಬ ಮಾತು. ಹಾಗಾದರೆ 6 ತಿಂಗಳಲ್ಲಿ ಅದು ಕ್ಯಾನ್ಸರ್ ಆಗಬಹುದು ಎಂದಾಯಿತಲ್ಲ. ಎರಡು ದಿನ ಬಿಟ್ಟು ತಾಯಿಯ ಫೋನು: “ಡಾಕ್ಟ್ರೇ, ಅದನ್ನೊಮ್ಮೆ ತೆಗೆದೇ ಬಿಡಿ ಮಾರಾಯ್ರೇ. ಇಟ್ಕೊಂಡು ಮದುವೆ ಮಾಡುವುದು ಹೇಗೆ?”

ಮಾಡಿದ್ದೇನು

ತಾಯಿಯ ಮಾತಿಗೆ ಒಪ್ಪಿ ದಿನ ಗೊತ್ತುಮಾಡಿದ್ದರೆ ಕೆಲಸ ಸುಲಭವಿತ್ತು. ಒಂದೇ ದಿನದ ಆಪರೇಷನ್, ಎಲ್ಲರಿಗೂ ಸಮಾಧಾನ. ಸರ್ಜನ್ ಹಾಗೆ ಮಾಡದಿರಲು ಕಾರಣವಿತ್ತು. ಸಾಮಾನ್ಯವಾಗಿ ತೆಗೆಯುವ ಯೋಚನೆ ಬರುವುದು ಗಡ್ಡೆ 3 ಸೆಂ.ಮೀ. ದಾಟಿದರೆ, ಬೇಗ ಬೆಳೆಯುತ್ತಿದ್ದರೆ, ಅಥವಾ ಸ್ಕ್ಯಾನ್ ಮತ್ತು ಬಯಾಪ್ಸಿ ಒಂದಕ್ಕೊಂದು ಹೊಂದದಿದ್ದರೆ. ಇಲ್ಲಿ ಮೂರೂ ಇಲ್ಲ. ಗಡ್ಡೆ ರೋಗಿಗೇ ಬೇಡವೆನಿಸಿದರೆ ತೆಗೆಯುವುದೂ ನ್ಯಾಯವೇ, ಆದರೆ ಇಲ್ಲಿ ಕೇಳುತ್ತಿದ್ದವರು ತಾಯಿ. ಯುವತಿಗೆ ತನಗೇನು ಬೇಕು ಎಂದು ಯೋಚಿಸಲು ಬೇಕಾದ ಮಾಹಿತಿಯೇ ಇರಲಿಲ್ಲ. ಆಪರೇಷನ್ನಿನಿಂದ ಕಲೆ ಉಳಿಯುತ್ತದೆ, ತೊಟ್ಟಿನ ಸುತ್ತ ಕೊಯ್ದರೆ ಕೆಲವು ಹಾಲಿನ ನಾಳ ಕಡಿಯಬಹುದು, ಒಂದನ್ನು ತೆಗೆದರೂ ಬೇರೆ ಜಾಗದಲ್ಲಿ ಇನ್ನೊಂದು ಬರುವುದಿಲ್ಲ ಎಂಬ ಖಾತರಿಯಿಲ್ಲ.

ಹಾಗಾಗಿ ಪತ್ರ ಬರೆಯುವುದೆಂದಾಯಿತು. ಯಾರ ಹೆಸರಿಗೆ ಎಂಬುದು ಮೊದಲ ಪ್ರಶ್ನೆ. 23 ವರ್ಷದವರ ರಿಪೋರ್ಟು ಅವರದೇ. ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಹೋದರೆ ಯಾರು ಒಡೆಯುತ್ತಾರೋ ಹೇಳಲಾಗದು. ಫೋನ್ ಮಾಡಿ ಕೇಳಿದಾಗ ‘ನಾನೇ ಬಂದು ತೆಗೆದುಕೊಳ್ಳುತ್ತೇನೆ’ ಎಂದರು. ಮನೆಯಲ್ಲಿ ಆಡುವುದು ತುಳು, ಆದರೆ ಓದುವುದು ಕನ್ನಡ, ಆದ್ದರಿಂದ ಪತ್ರ ಕನ್ನಡದಲ್ಲೇ. ಮೊದಲ ಕರಡಿನಲ್ಲಿ ಪರೀಕ್ಷೆಯ ವಿವರ ಮೊದಲು, ಫಲಿತಾಂಶ ಮೂರನೇ ಪ್ಯಾರಾದಲ್ಲಿತ್ತು. ಕೇಸ್ ಶೀಟ್ ಬರೆಯುವ ಕ್ರಮವೇ ಅದು. ಓದುವವರ ಕಣ್ಣು ಒಂದೇ ಪದ ಹುಡುಕುತ್ತಿರುತ್ತದೆ, ಅದು ಸಿಗುವವರೆಗೆ ಬೇರೇನೂ ತಲೆಗೆ ಹೋಗುವುದಿಲ್ಲ. ಕ್ರಮ ತಿರುಗಿಸಿದರು. ಕೈಗೆ ಕೊಟ್ಟ ಪತ್ರ ಹೀಗಿತ್ತು:

“ಪ್ರಿಯ … ಅವರಿಗೆ,

ನಿಮ್ಮ ಎಡ ಸ್ತನದಲ್ಲಿರುವುದು ಫೈಬ್ರೋಅಡಿನೋಮಾ ಎಂಬ ಗಡ್ಡೆ. ಇದು ಕ್ಯಾನ್ಸರ್ ಅಲ್ಲ. ಈಗ ಆಪರೇಷನ್ ಬೇಕಿಲ್ಲ. 6 ತಿಂಗಳ ನಂತರ ಒಮ್ಮೆ ಸ್ಕ್ಯಾನ್ ಮಾಡಿಸಬೇಕು. ಮುಖ್ಯವಾದದ್ದು ಇಷ್ಟೇ, ಉಳಿದದ್ದನ್ನು ಪುರುಸೊತ್ತಿನಲ್ಲಿ ಓದಿ.

ಸ್ತನದೊಳಗೆ ಹಾಲು ತಯಾರಾಗುವ ಸಣ್ಣ ಗ್ರಂಥಿಗಳಿವೆ, ಅವನ್ನು ಹಿಡಿದಿಡುವ ನಾರಿನ ಅಂಶವಿದೆ. ಒಂದು ಜಾಗದಲ್ಲಿ ಇವೆರಡೂ ಬೇಕಾದ್ದಕ್ಕಿಂತ ಹೆಚ್ಚು ಬೆಳೆದು ಉಂಡೆಯಾಗಿದೆ. ಗಾತ್ರ ಒಂದು ಸುಲಿದ ಅಡಿಕೆಯಷ್ಟು. 15ರಿಂದ 35 ವರ್ಷದವರಲ್ಲಿ ಇದು ತುಂಬ ಸಾಮಾನ್ಯ. ನೀವು ತಿಂದದ್ದರಿಂದಲೋ, ಹಾಕಿದ ಬ್ರಾದಿಂದಲೋ, ಏನೋ ತಾಗಿದ್ದರಿಂದಲೋ ಬಂದದ್ದಲ್ಲ. ಎರಡು ತಿಂಗಳು ತಡವಾಗಿ ಬಂದದ್ದರಿಂದ ಏನೂ ಹಾಳಾಗಿಲ್ಲ.

ಸ್ಕ್ಯಾನ್ ರಿಪೋರ್ಟಿನಲ್ಲಿ ‘4ಎ’ ಎಂದಿರುವುದು ಕ್ಯಾನ್ಸರಿನ ಸ್ಟೇಜ್ ಅಲ್ಲ. ‘ಸೂಜಿ ಪರೀಕ್ಷೆ ಮಾಡಿ ನೋಡಿ’ ಎಂದು ಸ್ಕ್ಯಾನ್ ಡಾಕ್ಟರು ನನಗೆ ಹೇಳಿದ ಗುರುತು ಅದು. 4ಎ ಎಂದು ಬರೆಸಿಕೊಂಡ ನೂರು ಜನರಲ್ಲಿ 90 ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ನಿಮ್ಮ ಸೂಜಿ ಪರೀಕ್ಷೆಯ ಉತ್ತರ ಬಂದಿದೆ, ಅಲ್ಲಿಗೆ ಆ ಸಂಖ್ಯೆಯ ಕೆಲಸ ಮುಗಿಯಿತು. ಕೈಯಿಂದ ನೋಡಿದ್ದು, ಸ್ಕ್ಯಾನ್, ಸೂಜಿ ಪರೀಕ್ಷೆ ಮೂರೂ ಒಂದೇ ಮಾತು ಹೇಳುತ್ತಿವೆ.

ಹಾಗಿದ್ದರೆ 6 ತಿಂಗಳಿಗೆ ಯಾಕೆ ಬರಬೇಕು? ಸೂಜಿಯಲ್ಲಿ ಬಂದದ್ದು ಗಡ್ಡೆಯ ನಾಲ್ಕು ಎಳೆ ಮಾತ್ರ, ಇಡೀ ಗಡ್ಡೆಯಲ್ಲ. ಇದರ ಹಾಗೇ ಕಾಣುವ, ಆದರೆ ಬೇಗ ಬೇಗ ಬೆಳೆಯುವ ಅಪರೂಪದ ಗಡ್ಡೆಯೊಂದಿದೆ. ನಿಮ್ಮದು ಅದಲ್ಲ ಎಂದೇ ಪರೀಕ್ಷೆ ಹೇಳುತ್ತದೆ. ಬೆಳೆಯುತ್ತಿಲ್ಲ ಎಂದು ಅಳೆದು ನೋಡಿದರೆ ಆ ಮಾತು ಇನ್ನೂ ಖಚಿತವಾಗುತ್ತದೆ. ಫೈಬ್ರೋಅಡಿನೋಮಾ ಕ್ಯಾನ್ಸರ್ ಆಗಿಬಿಡುತ್ತದೆ ಎಂಬ ಭಯದಿಂದ ಕರೆಯುತ್ತಿರುವುದಲ್ಲ.

ಕರಗಿಸುವ ಮಾತ್ರೆ ಇಲ್ಲ. ಲೇಪ, ಶಾಖ, ಮಸಾಜ್ ಬೇಡ. ಚೇರುಬೀಜ ಸೇರಿದ ಲೇಪ ಹಚ್ಚಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಮತ್ತೆ ಪರೀಕ್ಷಿಸುವುದೇ ಕಷ್ಟವಾಗುತ್ತದೆ. ಊಟದಲ್ಲಿ ಪಥ್ಯವಿಲ್ಲ.

ದೊಡ್ಡಮ್ಮನಿಗೆ ಆದದ್ದು 61ನೇ ವಯಸ್ಸಿನಲ್ಲಿ, ತಾಯಿಗಾಗಲಿ ತಂದೆಯ ಕಡೆಯಾಗಲಿ ಬೇರೆ ಯಾರಿಗೂ ಇಲ್ಲ. ಅದಕ್ಕೂ ಈ ಗಡ್ಡೆಗೂ ಸಂಬಂಧವಿಲ್ಲ.

ಮದುವೆಗೆ, ಗರ್ಭಕ್ಕೆ, ಮಗುವಿಗೆ ಹಾಲೂಡಿಸುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಗರ್ಭಿಣಿಯಾದಾಗ ಹಾರ್ಮೋನಿನಿಂದ ಸ್ವಲ್ಪ ದೊಡ್ಡದಾಗಬಹುದು, ಆಗ ಬಂದು ತೋರಿಸಿ. ಈ ವಿಷಯ ಯಾರಿಗೆ ಹೇಳಬೇಕು, ಹೇಳಬಾರದು ಎಂಬುದು ನಿಮಗೆ ಬಿಟ್ಟದ್ದು. ನಾನು ಯಾರಿಗೂ ಹೇಳುವುದಿಲ್ಲ.

ಗಡ್ಡೆ ಬೇಡವೇ ಬೇಡ ಎಂದು ನಿಮಗನಿಸಿದರೆ ತೆಗೆಯಬಹುದು. ಅವಸರವಿಲ್ಲ, ಯಾವಾಗ ಬೇಕಾದರೂ ಕೇಳಿ.

6 ತಿಂಗಳು ಕಾಯದೆ ಬರಬೇಕಾದದ್ದು ಯಾವಾಗ? ಕೆಲವೇ ವಾರಗಳಲ್ಲಿ ದೊಡ್ಡದಾದಂತೆ ಕಂಡರೆ, ಚರ್ಮ ಕುಳಿಬಿದ್ದರೆ, ತೊಟ್ಟು ಒಳಗೆ ಹೋದರೆ, ತೊಟ್ಟಿನಿಂದ ರಕ್ತ ಬಂದರೆ, ಅಥವಾ ಹೊಸ ಗಂಟು ಕೈಗೆ ಸಿಕ್ಕಿದರೆ. ಮುಟ್ಟಿಗೆ ಮೊದಲು ಸ್ವಲ್ಪ ನೋವಾಗಿ ಆಮೇಲೆ ಹೋದರೆ ಹೆದರಬೇಡಿ.

ಇತಿ,
ನಿಮ್ಮ ಸರ್ಜನ್”

ಪತ್ರದ ಕೆಲವು ತೀರ್ಮಾನಗಳು

ಫಿಲ್ಲೋಡ್ಸ್ ಎಂಬ ಹೆಸರು ಕರಡಿನಲ್ಲಿತ್ತು, ಕೊನೆಗೆ ತೆಗೆದರು. ಆ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಮೊದಲು ಬರುವುದು ಬೃಹತ್ ಗಡ್ಡೆಗಳ ಚಿತ್ರ. ವಿಷಯವನ್ನು ಮಾತ್ರ ಉಳಿಸಿಕೊಂಡರು, ಏಕೆಂದರೆ ಅದನ್ನೂ ತೆಗೆದರೆ 6 ತಿಂಗಳ ಸ್ಕ್ಯಾನಿಗೆ ಕಾರಣವೇ ಉಳಿಯುವುದಿಲ್ಲ, ಕಾರಣ ಹೇಳದ ಕಡೆ ಜನ ತಾವೇ ಒಂದನ್ನು ಊಹಿಸುತ್ತಾರೆ. ಇದು ಸರಿಯೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಹೆಸರು ಕೇಳಿದರೆ ಮುಚ್ಚಿಡದೆ ಹೇಳಬೇಕು ಎಂಬಲ್ಲಿ ಮಾತ್ರ ಎರಡು ಮಾತಿಲ್ಲ.

‘ನೂರಕ್ಕೆ ನೂರು ಏನೂ ಆಗುವುದಿಲ್ಲ’ ಎಂಬ ಸಾಲು ಬರೆಯದಿದ್ದದ್ದೂ ಬೇಕೆಂದೇ. ತಾಯಿ ಕೇಳುತ್ತಿದ್ದದ್ದು ಅದನ್ನೇ. ಈ ಗಡ್ಡೆ ಕ್ಯಾನ್ಸರ್ ಅಲ್ಲ ಎನ್ನಬಹುದು. ಜೀವಮಾನದಲ್ಲಿ ಆ ಸ್ತನಕ್ಕೆ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಯಾರ ಬಗ್ಗೆಯೂ ಹೇಳಲಾಗದು. ಅಂಥ ಸಾಲು ಕೈಯಲ್ಲಿದ್ದರೆ, ನಲವತ್ತೈದನೇ ವಯಸ್ಸಿನಲ್ಲಿ ಹೊಸ ಗಂಟು ಕಂಡಾಗ ‘ಅದು ಹಳೆಯದೇ’ ಎಂದು ಸುಮ್ಮನಿರಲು ಅದೇ ನೆಪವಾಗುತ್ತದೆ.

ಏನಾಯಿತು

ಪತ್ರವನ್ನು ಯುವತಿ ತಾಯಿಗೆ ತಾವೇ ಓದಿ ಹೇಳಿದರು. ಆಪರೇಷನ್ನಿನ ಒತ್ತಾಯ ಆ ವಾರವೇ ನಿಂತಿತು ಎನ್ನುವಂತಿಲ್ಲ, ಆದರೆ ತಾಯಿಯ ಪ್ರಶ್ನೆ ಬದಲಾಯಿತು: ಬಸುರಿಯಾದಾಗ ದೊಡ್ಡದಾದರೆ ಆಗ ತೆಗೆಯಬಹುದೇ? ಬೇಕಾದರೆ ತೆಗೆಯಬಹುದು ಎಂಬುದೇ ಉತ್ತರ.

ನಿಜವಾದ ತಿರುವು ಬಂದದ್ದು 6 ತಿಂಗಳಿಗೆ. ಅಷ್ಟರಲ್ಲಿ ಕೆಲಸ ಬದಲಾಗಿ ಯುವತಿ ಉಡುಪಿಯಲ್ಲಿದ್ದರು, ಸ್ಕ್ಯಾನನ್ನು ಅಲ್ಲೇ ಒಂದು ಕಡೆ ಮಾಡಿಸಿದರು. ಹಳೆಯ ಫಿಲ್ಮ್ ಒಯ್ದಿರಲಿಲ್ಲ. ರಿಪೋರ್ಟಿನಲ್ಲಿ 2.6 ಸೆಂ.ಮೀ. ಎಂದಿತ್ತು. 2.1ರಿಂದ 2.6 ಎಂದರೆ ಶೇ. 24ರಷ್ಟು ಹೆಚ್ಚಳ, 6 ತಿಂಗಳಲ್ಲಿ ಶೇ. 20 ದಾಟಿದರೆ ಮತ್ತೆ ಬಯಾಪ್ಸಿ ಅಥವಾ ಆಪರೇಷನ್ ಯೋಚಿಸಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಕಾಗದದ ಪ್ರಕಾರ ಮಿತಿ ದಾಟಿತ್ತು.

ಸರ್ಜನ್ ಮೂರೂ ಅಳತೆಗಳನ್ನು ಪಕ್ಕಪಕ್ಕ ಬರೆದು ನೋಡಿದರು. ಮೊದಲು 2.1 × 1.3 × 1.7. ಈಗ 2.6 × 1.2 × 1.6. ಉದ್ದ ಜಾಸ್ತಿ, ಉಳಿದೆರಡೂ ಕಡಿಮೆ. ಗಡ್ಡೆ ಬೆಳೆಯುವುದಿದ್ದರೆ ಹೀಗೆ ಒಂದೇ ಕಡೆಗೆ ಬೆಳೆಯುವುದು ಅಪರೂಪ. ಮೂರನ್ನೂ ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಅಂಡಾಕಾರದ ಘನಗಾತ್ರ ಸಿಗುತ್ತದೆ: ಮೊದಲು 2.4 ಮಿ.ಲೀ., ಈಗ 2.6 ಮಿ.ಲೀ. ಹೆಚ್ಚಿದ್ದು ಶೇ. 8ರ ಆಸುಪಾಸು. ಸ್ಕ್ಯಾನಿನ ಪ್ರೋಬನ್ನು ತುಸು ಹೆಚ್ಚು ಒತ್ತಿದರೆ ಮೆತ್ತಗಿನ ಗಡ್ಡೆ ಚಪ್ಪಟೆಯಾಗಿ ಉದ್ದ ಕಾಣುತ್ತದೆ. ಅಳತೆಯ ಗೆರೆಯನ್ನು ಓರೆಯಾಗಿ ಎಳೆದರೂ ಹಾಗೇ. ಎರಡು ವಾರದ ನಂತರ, ಮುಟ್ಟು ಮುಗಿದ ಮೇಲೆ, ಮಂಗಳೂರಿನ ಮೊದಲಿನ ಸೆಂಟರಿನಲ್ಲೇ ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಅಳೆಸಿದಾಗ 2.2 × 1.3 × 1.7 ಬಂತು. ಆ ಒಂದು ಮಿಲಿಮೀಟರ್ ಅಳೆಯುವವರ ಕೈಯ ವ್ಯತ್ಯಾಸದೊಳಗೇ ಬರುತ್ತದೆ.

ಹಾಗೆಂದು ಎಲ್ಲ ಹೆಚ್ಚಳವನ್ನೂ ಅಳತೆಯ ತಪ್ಪೆಂದು ತಳ್ಳಿಹಾಕಬಾರದು. ಮೂರೂ ಅಳತೆ ಒಟ್ಟಿಗೆ ಏರಿದ್ದರೆ, ಅಥವಾ ಮೊದಲಿನ ಸೆಂಟರಿನಲ್ಲೂ 2.6 ಬಂದಿದ್ದರೆ, ದಾರಿ ಬೇರೆಯಾಗುತ್ತಿತ್ತು. ಆಗ ಮತ್ತೆ ನಾಲ್ಕು ಎಳೆ ತೆಗೆಯುವುದಕ್ಕಿಂತ ಗಡ್ಡೆಯನ್ನೇ ಇಡಿಯಾಗಿ ತೆಗೆದು ಪರೀಕ್ಷಿಸುವುದು ಹೆಚ್ಚು ನೇರ.

ಇದರ ನಂತರ ಆ ಸರ್ಜನ್ ಕೊಡುವ ಇಂಥ ಪತ್ರಗಳಲ್ಲಿ ಎರಡು ಸಾಲು ಸೇರಿವೆ. ಒಂದು: ‘ಮುಂದಿನ ಸ್ಕ್ಯಾನ್ ಸಾಧ್ಯವಾದರೆ ಇದೇ ಸೆಂಟರಿನಲ್ಲಿ, ಬೇರೆ ಕಡೆಯಾದರೆ ಹಳೆಯ ಫಿಲ್ಮ್ ಮತ್ತು ರಿಪೋರ್ಟ್ ಎರಡನ್ನೂ ತೋರಿಸಿ ಮಾಡಿಸಿ; ರಿಪೋರ್ಟ್ ಮಾತ್ರ ಸಾಲದು.’ ಇನ್ನೊಂದು, ಗಡ್ಡೆಯ ಮೂರೂ ಅಳತೆ ಮತ್ತು ಅದು ಇರುವ ಜಾಗ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ತೊಟ್ಟಿನಿಂದ ಎಷ್ಟು ಸೆಂ.ಮೀ. ಎಂಬುದರ ಸಮೇತ. ಇವರದು ಎಡ ಸ್ತನದಲ್ಲಿ 2 ಗಂಟೆಯ ಜಾಗ, ತೊಟ್ಟಿನಿಂದ 4 ಸೆಂ.ಮೀ. ಬಯಾಪ್ಸಿ ಸೂಚಿಸುವ ರಿಪೋರ್ಟುಗಳನ್ನು ಕೌಂಟರಿನಲ್ಲಿ ಕೊಡುವಾಗ ‘ಈ ಸಂಖ್ಯೆ ಸ್ಟೇಜ್ ಅಲ್ಲ’ ಎಂಬ ಮುದ್ರಿತ ಚೀಟಿಯನ್ನು ಪಿನ್ ಮಾಡುವುದೂ ಶುರುವಾಯಿತು. ಖರ್ಚು ಏನೂ ಇಲ್ಲದ ಕೆಲಸ, ಬೇರೆಯವರೂ ಮಾಡಬಹುದು.

ವರ್ಷದ ಸ್ಕ್ಯಾನಿನಲ್ಲಿ ಎಡಗಡೆಯದು 2.2ರಲ್ಲೇ ನಿಂತಿತ್ತು. ಬಲ ಸ್ತನದಲ್ಲಿ 8 ಮಿ.ಮೀ.ನ ಇನ್ನೊಂದು ಕಂಡಿತು, ಅಂಚು ಪೂರ್ತಿ ನುಣುಪು, ದರ್ಜೆ 3. ಫೈಬ್ರೋಅಡಿನೋಮಾ ಒಂದಕ್ಕಿಂತ ಹೆಚ್ಚಿರುವುದು ಹೊಸತೇನಲ್ಲ, ಹಾಗಾಗಿ ಈ ಸಲ ಸೂಜಿ ಹಾಕಲಿಲ್ಲ. ಯುವತಿ ಒಬ್ಬರೇ ಬಂದಿದ್ದರು. ಕೇಳಿದ್ದು ಎರಡೇ ಪ್ರಶ್ನೆ: ಇದರ ಮೂರು ಅಳತೆ ಎಷ್ಟು, ಮುಂದಿನದು ಯಾವ ತಿಂಗಳು. ಎಡಗಡೆಯದಕ್ಕೆ ಇನ್ನೊಂದು ವರ್ಷಕ್ಕೆ, ಬಲಗಡೆಯದಕ್ಕೆ 6 ತಿಂಗಳಿಗೆ ಎಂದು ಬರೆದುಕೊಟ್ಟರು.